ಬೋಧನಾ ಪೋರ್ಟ್‌ಫೋಲಿಯೊ: ಜೋಡಣೆಯ ಕ್ರಮ

“ಎಂಟು ವರ್ಷಗಳ ಪಾಠಯೋಜನೆ, ವಿದ್ಯಾರ್ಥಿಗಳ ಅಭಿಪ್ರಾಯ, ಪ್ರಮಾಣಪತ್ರ ಎಲ್ಲ ಚದುರಿವೆ. ವರ್ಷವಾರು ಜೋಡಿಸಿದರೂ ಪೋರ್ಟ್‌ಫೋಲಿಯೊ ಆಗುತ್ತಿಲ್ಲ. ಏನು ಮಾಡಲಿ?”

ತೊಡಕು ಬಹುಶಃ ವರ್ಷವಾರು ಜೋಡಣೆಯಲ್ಲೇ ಇದೆ. ಅದರಿಂದ ದಾಖಲೆಗಳ ಕಟ್ಟು ಸಿದ್ಧವಾಗುತ್ತದೆಯೇ ಹೊರತು ನೀವು ಹೇಗೆ ಕಲಿಸುತ್ತೀರಿ ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ಮೊದಲು ನೀವು ಹೇಗೆ ಕಲಿಸುತ್ತೀರಿ ಎಂದು ಹೇಳುವ ಒಂದೆರಡು ಪುಟಗಳ ಬೋಧನಾ ಹೇಳಿಕೆಯನ್ನು ಬರೆಯಿರಿ. ಅದರಲ್ಲಿ ದಾಖಲೆಯಿಂದ ತೋರಿಸಬಹುದಾದ ಮೂರು ನಾಲ್ಕು ಮಾತುಗಳಷ್ಟೇ ಇರಲಿ. “ವಿದ್ಯಾರ್ಥಿಕೇಂದ್ರಿತ ಬೋಧನೆ” ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. “ಕಿರುಪರೀಕ್ಷೆಯ ತಪ್ಪುಗಳನ್ನು ನೋಡಿ ಮುಂದಿನ ಪಾಠವನ್ನು ಬದಲಿಸುತ್ತೇನೆ” ಎಂದರೆ ಪುರಾವೆ ಕೊಡಬಹುದು.

ಆಮೇಲೆ ಅಂಥ ಒಂದೊಂದು ಮಾತಿಗೂ ಒಂದು ವಿಭಾಗ ಮಾಡಿ. ಮೇಲಿನ ಮಾತಿಗಾದರೆ ಹಳೆಯ ಪಾಠಯೋಜನೆ, ಹೆಸರು ಮರೆಮಾಚಿದ ಎರಡು ಉತ್ತರಪತ್ರಿಕೆಗಳು, ತಿದ್ದಿದ ಪಾಠಯೋಜನೆ, ನಂತರದ ಕಿರುಪರೀಕ್ಷೆಯ ಫಲಿತಾಂಶ, ಈ ಕ್ರಮದಲ್ಲಿ ಇಟ್ಟು, ಬದಲಾವಣೆ ಏನೆಂದು ಪ್ರತಿಯೊಂದರ ಮೇಲೂ ಎರಡು ಸಾಲು ಬರೆಯಿರಿ. ಅಭಿಪ್ರಾಯ ಪತ್ರಗಳಲ್ಲಿ ಹೊಗಳಿಕೆಯನ್ನಷ್ಟೇ ಆರಿಸಬೇಡಿ, ಇಡೀ ತರಗತಿಯ ಸಾರಾಂಶವನ್ನೇ ಕೊಡಿ. ಯಾವ ಮಾತಿಗೂ ಹೊಂದದ ಪ್ರಮಾಣಪತ್ರಗಳು (ಇವೇ ಹೆಚ್ಚು ಇರುತ್ತವೆ) ಅನುಬಂಧಕ್ಕೆ ಹೋಗಲಿ.

ಪರಿವಿಡಿಯನ್ನು ಕೊನೆಗೆ ಮಾಡಿ: ಪ್ರತಿ ದಾಖಲೆಗೂ, “ಆ” ವಿಭಾಗದ ಮೂರನೆಯದಕ್ಕೆ “ಆ-3” ಎಂಬಂತೆ, ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಹೇಳಿಕೆಯ ಆಯಾ ವಾಕ್ಯದ ಪಕ್ಕದಲ್ಲೂ ಕಡತದ ಹೆಸರಿನಲ್ಲೂ ಬರೆಯಿರಿ. ನಿಮ್ಮ ಸಂಸ್ಥೆ ನಿಗದಿತ ನಮೂನೆ ಕೊಟ್ಟಿದ್ದರೆ ವಿಭಾಗಗಳ ಹೆಸರನ್ನು ಅದರಂತೆಯೇ ಇಡಿ.