ಹೊಸ ಟಿವಿಯಲ್ಲಿ ಸಿನಿಮಾ ಯಾಕೆ ಸೀರಿಯಲ್ ತರ ಕಾಣುತ್ತದೆ?

"ಹೊಸ ಟಿವಿ ತಂದೆವು. ಯಾವ ಸಿನಿಮಾ ಹಾಕಿದರೂ ಸೀರಿಯಲ್ ನೋಡಿದ ಹಾಗಿದೆ, ಎಲ್ಲ ಜಾರಿಕೊಂಡು ಓಡುತ್ತೆ. ಟಿವಿಯೇ ಸರಿ ಇಲ್ವಾ?"

ಟಿವಿ ಸರಿಯಾಗಿಯೇ ಇದೆ, ವಾಪಸ್ ಕೊಡಲು ಹೋಗಬೇಡಿ. ಸಿನಿಮಾದಲ್ಲಿ ಸೆಕೆಂಡಿಗೆ ಇರುವುದು 24 ಫ್ರೇಮ್. ನಿಮ್ಮ ಟಿವಿ ಸೆಕೆಂಡಿಗೆ 60 ಅಥವಾ 120 ಸಲ ಚಿತ್ರ ತೋರಿಸುತ್ತದೆ, ಹಾಗಾಗಿ ಮಧ್ಯದ ಫ್ರೇಮ್‌ಗಳನ್ನು ತಾನೇ ಊಹಿಸಿ ಸೇರಿಸುತ್ತದೆ. ಹಳೆಯ ಸೀರಿಯಲ್‌ಗಳ ವಿಡಿಯೋದಲ್ಲಿ ಚಲನೆ ಸೆಕೆಂಡಿಗೆ 50 ಸಲ ದಾಖಲಾಗುತ್ತಿತ್ತು, ಅದೇ ನುಣುಪು ಈಗ ಸಿನಿಮಾಗೂ ಬಂದಿದೆ. ಯಾರಾದರೂ ಕಿಟಕಿ ಸರಳಿನ ಮುಂದೆ ನಡೆದು ಹೋಗುವ ದೃಶ್ಯ ನೋಡಿ: ತಲೆಯ ಅಂಚಿನ ಸುತ್ತ ಸರಳುಗಳು ಕದಡಿದ ನೀರಿನ ಹಾಗೆ ಅಲುಗಾಡಿದರೆ, ಅದು ಟಿವಿಯ ಊಹೆ ತಪ್ಪಿದ ಗುರುತು.

ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಫ್ರೇಮ್ ಸೇರಿಸುವ ಆಯ್ಕೆ ಸ್ಯಾಮ್‌ಸಂಗ್‌ನಲ್ಲಿ Picture Clarity, ಎಲ್‌ಜಿಯಲ್ಲಿ TruMotion, ಸೋನಿಯಲ್ಲಿ Motionflow, ಬೇರೆ ಕೆಲವದರಲ್ಲಿ MEMC ಅಂತ ಇರುತ್ತದೆ. ಆಫ್ ಮಾಡಿ. Filmmaker Mode ಇದ್ದರೆ ಅದನ್ನೇ ಆರಿಸಿ, ಇದರ ಜೊತೆ ಬೇರೆ ಎಫೆಕ್ಟ್‌ಗಳೂ ನಿಲ್ಲುತ್ತವೆ.

ಜಾಸ್ತಿ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಮ್ಮ ಭಾವನ ಮನೆಯಲ್ಲಿ ನಾನೇ ಕೂತು ಸೆಟ್‌ಟಾಪ್ ಬಾಕ್ಸ್ ಹಾಕಿಕೊಂಡು ಎಲ್ಲ ಆಫ್ ಮಾಡಿ ಬಂದಿದ್ದೆ, ಎರಡು ದಿನ ಬಿಟ್ಟು ಅವರು ಫೋನ್ ಮಾಡಿ ಮತ್ತೆ ಹಾಗೇ ಆಗಿದೆ ಅಂದರು. ನೋಡಿದರೆ ಅವರು ಓಟಿಟಿ ಆ್ಯಪ್‌ನಲ್ಲಿ ಎಚ್‌ಡಿಆರ್, ಅಂದರೆ ಬೆಳಕು ಬಣ್ಣ ಹೆಚ್ಚು ವಿಸ್ತಾರವಾಗಿ ತೋರಿಸುವ ಬಗೆಯ ಸಿನಿಮಾ ಹಾಕಿದ್ದರು. ಎಷ್ಟೋ ಟಿವಿಗಳು ಮಾಮೂಲಿ ಚಿತ್ರಕ್ಕೆ, ಎಚ್‌ಡಿಆರ್‌ಗೆ, ಡಾಲ್ಬಿ ವಿಷನ್‌ಗೆ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ, ಕೆಲವು ಒಂದೊಂದು ಎಚ್‌ಡಿಎಂಐಗೂ ಬೇರೆ. ಆದ್ದರಿಂದ ಒಂದೊಂದು ಬಗೆಯ ಸಿನಿಮಾ ಓಡುತ್ತಿರುವಾಗಲೇ ಮೆನು ತೆರೆದು ಆಫ್ ಮಾಡಬೇಕು.

ಅಲ್ಲೇ ಇರುವಾಗ Vivid ಮೋಡ್ ಬಿಟ್ಟು Movie ಅಥವಾ Cinema ಗೆ ಬನ್ನಿ, ಕಲರ್ ಟೋನ್ Warm ಇಡಿ. ಮೊದಲು ಹಳದಿ ಅನ್ನಿಸುತ್ತದೆ, ನಿಜ. ಅಂಗಡಿಯ ನೀಲಿ ಬಿಳುಪಿಗೆ ಕಣ್ಣು ಒಗ್ಗಿರುತ್ತದೆ ಅಷ್ಟೇ, ಮೂರ್ನಾಲ್ಕು ದಿನ ಮುಟ್ಟದೆ ಬಿಡಿ. ಶಾರ್ಪ್‌ನೆಸ್ ಇಳಿಸುತ್ತಾ ಹೋಗಿ, ಸಬ್‌ಟೈಟಲ್ ಅಕ್ಷರದ ಸುತ್ತ ಬಿಳಿ ಗೆರೆ ಮಾಯವಾದ ಕಡೆ ನಿಲ್ಲಿಸಿ. ಸೋನಿಯಲ್ಲಿ ಮಾತ್ರ ಸೊನ್ನೆಗೆ ತರಬೇಡಿ, ಅಲ್ಲಿ 50 ಅಂದರೇನೇ ಏನೂ ಸೇರಿಸದ ಸ್ಥಿತಿ.

ಒಂದು ತೊಂದರೆ ಉಳಿಯುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಚಿತ್ರ ತಡೆತಡೆದು ಹೋದ ಹಾಗೆ ಕಾಣಬಹುದು. 120 ಹರ್ಟ್ಸ್ ಟಿವಿಯಲ್ಲಿ ಪ್ರತಿ ಫ್ರೇಮ್ ಸರಿಯಾಗಿ ಐದು ಸಲ ಬರುತ್ತದೆ, 60ರಲ್ಲಿ ಒಂದು ಮೂರು ಸಲ, ಮುಂದಿನದು ಎರಡು ಸಲ, ಹಾಗಾಗಿ ತಡವರಿಕೆ ಜಾಸ್ತಿ. ಓಎಲ್‌ಇಡಿಯಲ್ಲಿ ಫ್ರೇಮ್ ಥಟ್ಟನೆ ಬದಲಾಗುವುದರಿಂದ 120 ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ತಡೆಯಲಾಗದಿದ್ದರೆ ಪೂರ್ತಿ ಆಫ್ ಬದಲು Custom ಅಥವಾ User ಆರಿಸಿ, ಜಡರ್, ಅಂದರೆ ಈ ತಡವರಿಕೆ, ಕಡಿಮೆ ಮಾಡುವ ಅಳತೆಯನ್ನು 1 ಅಥವಾ 2ಕ್ಕೆ ಇಡಿ. ನಾನು ಓಎಲ್‌ಇಡಿಯಲ್ಲಿ 2 ಇಟ್ಟಿದ್ದೇನೆ, ಸೀರಿಯಲ್ ನುಣುಪು ಬಂದಿಲ್ಲ.