ಅಮ್ಮನ ಲೆಕ್ಕದ ಡೈರಿ ನಾನು ಕಿತ್ತುಕೊಂಡಿದ್ದೆ

ಪ್ರಶ್ನೆ: ಅಪ್ಪನಿಗೆ 71. ಇತ್ತೀಚೆಗೆ ಹೆಸರುಗಳು ಮರೆಯುತ್ತಾರೆ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾರೆ. ವಯಸ್ಸಿಗೆ ಇದು ಸಹಜ ಅಲ್ವಾ? ಬ್ಯಾಂಕು, ಅಂಗಡಿ ಕೆಲಸ ಎಲ್ಲ ನಾನೇ ವಹಿಸಿಕೊಂಡು ಅವರನ್ನು ಆರಾಮಾಗಿ ಇರಿಸುವುದು ಹೇಗೆ?

ದಯವಿಟ್ಟು ಇರಿಸಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ.

ನಮ್ಮ ಮನೆ ಮಲ್ಲೇಶ್ವರದಲ್ಲಿ. ಅಮ್ಮನಿಗೆ ಆಗ 68. ದಿನಾ ಬೆಳಿಗ್ಗೆ ಎಂಟನೇ ಕ್ರಾಸಿಗೆ ನಡೆದು ಹೋಗಿ ಸೊಪ್ಪು, ಹೂವು ತರುತ್ತಿದ್ದರು. ಬಂದು ಹಳೆಯ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ದಿನ ಸ್ಟವ್ ಮೇಲೆ ಹಾಲಿಟ್ಟು ಮರೆತರು, ಪಾತ್ರೆ ಸೀದುಹೋಯಿತು. ಅದೇ ವಾರ ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟರು. ನಾನು, "ವಯಸ್ಸಾಯ್ತಮ್ಮ, ಇನ್ನು ಇದೆಲ್ಲ ಬಿಡು" ಅಂದೆ. ಸಾಮಾನು ಆ್ಯಪಿನಲ್ಲಿ ತರಿಸತೊಡಗಿದೆ. ಡೈರಿ ತೆಗೆದು ನನ್ನ ಬೀರುವಿನಲ್ಲಿಟ್ಟೆ.

ಈ ಡೈರಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ತಪ್ಪಾದದ್ದು ಅಲ್ಲೇ. ಅದನ್ನು ನಾನು ಬರೀ ಲೆಕ್ಕದ ಪುಸ್ತಕ ಅಂದುಕೊಂಡಿದ್ದೆ. ನಿನ್ನೆ ದಂಟಿನ ಸೊಪ್ಪು ಎಷ್ಟಿತ್ತು, ಚಿಲ್ಲರೆ ಎಷ್ಟು ಬಂತು, ಹೂವಿನವಳಿಗೆ ಎಷ್ಟು ಬಾಕಿ ಅಂತ ದಿನಾ ನೆನಪು ಮಾಡಿಕೊಳ್ಳುವ ಕೆಲಸ ಅದರಲ್ಲಿತ್ತು. ಅದಕ್ಕೋಸ್ಕರ ಅರ್ಧ ಗಂಟೆ ನಡಿಗೆ, ನಾಲ್ಕು ಜನರ ಜೊತೆ ಚೌಕಾಶಿ ಬೇರೆ. ನಾನು ಒಂದೇ ದಿನ ಮೂರನ್ನೂ ನಿಲ್ಲಿಸಿದೆ. ಇನ್ನೂ ಕೆಟ್ಟದ್ದೆಂದರೆ, ಮಗನೇ ಕಿತ್ತುಕೊಂಡ ಅಂದಮೇಲೆ ತನ್ನ ತಲೆ ನಿಜಕ್ಕೂ ಕೆಟ್ಟಿರಬೇಕು ಅಂತ ಅಮ್ಮ ನಂಬಿಬಿಟ್ಟರು. ಏನು ಕೇಳಿದರೂ, "ನಂಗೆ ನೆನಪಿರಲ್ಲ ಕಣೋ, ನೀನೇ ನೋಡ್ಕೋ." ನೆನಪು ಮಾಡಿಕೊಳ್ಳುವ ಪ್ರಯತ್ನವನ್ನೇ ಬಿಟ್ಟರು. ಕಾಲು ಜುಮ್ಮೆನ್ನುತ್ತೆ ಅಂದರೂ, ಸುಸ್ತು ಅಂದರೂ, ಅವರಿಗೂ ನನಗೂ ಉತ್ತರ ಒಂದೇ: ವಯಸ್ಸು.

ಹೀಗೆ ಹದಿನಾಲ್ಕು ತಿಂಗಳು. ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಅಮ್ಮ ನನ್ನ ಮುಖ ನೋಡಿದರು, ಒಂದೂ ಬರಲಿಲ್ಲ. ಡಾಕ್ಟರು, "ನೀವು ಸ್ವಲ್ಪ ಹೊರಗೆ ಕೂತಿರಿ" ಅಂದರು. ಆಮೇಲೆ ಬೇರೆ ಮೂರು ಪದ ಕೊಟ್ಟು, ಮಧ್ಯೆ ಅಡುಗೆ, ಮಾರ್ಕೆಟ್ಟು ಅಂತ ಮಾತಾಡಿಸಿ ಕೇಳಿದರಂತೆ. ಎರಡು ಬಂದವು.

ಇದು ಆಕಸ್ಮಿಕ ಇರಲಾರದು. 2001ರಲ್ಲಿ ಪ್ರಕಟವಾದ ರಹಾಲ್, ಹ್ಯಾಶರ್ ಮತ್ತಿತರರ ಅಧ್ಯಯನದಲ್ಲಿ, ಇದು ನೆನಪಿನ ಪರೀಕ್ಷೆ ಅಂತ ಒತ್ತಿ ಹೇಳಿದಾಗ ವಯಸ್ಸಾದವರು ಯುವಕರಿಗಿಂತ ಹಿಂದೆ ಬಿದ್ದರು. ಆ ಮಾತಿಗೆ ಒತ್ತು ಕೊಡದೆ ಅದೇ ಕೆಲಸ ಕೊಟ್ಟಾಗ ಆ ಅಂತರ ಕಾಣಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು ಬಾಲ್ಟಿಮೋರ್‌ನ ಜನರ 38 ವರ್ಷಗಳ ದಾಖಲೆ ನೋಡಿದರು. ಮುಪ್ಪಿನ ಬಗ್ಗೆ ಮೊದಲೇ ಕೆಟ್ಟ ಅಭಿಪ್ರಾಯ ಇದ್ದವರಲ್ಲಿ, 60 ದಾಟಿದ ಮೇಲೆ ನೆನಪಿನ ಇಳಿಕೆ ಉಳಿದವರಿಗಿಂತ ಸುಮಾರು 30% ಜಾಸ್ತಿ ಇತ್ತು. ಕೆಟ್ಟ ಅಭಿಪ್ರಾಯ, ನೆನಪಿನ ಇಳಿಕೆ ಎರಡೂ ಜೊತೆಜೊತೆಗೆ ಕಂಡವು ಅಷ್ಟೆ, ನಂಬಿಕೆಯೇ ಕಾರಣ ಅಂತ ಇದೊಂದರಿಂದ ಸಾಬೀತಾಗುವುದಿಲ್ಲ. ಆದರೆ ನಂಬಿಕೆ ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನಲ್ಲ.

ಅಮ್ಮನ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಮಿಲಿಲೀಟರಿಗೆ 148 ಪಿಕೋಗ್ರಾಂ ಬಂತು. 200ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅಂತಾರೆ. ಅಮ್ಮ ಸಸ್ಯಾಹಾರಿ, ಜೊತೆಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದಾರೆ. ಆ ಮಾತ್ರೆ ಬಹಳ ವರ್ಷ ತಗೊಂಡರೆ ಬಿ12 ಕಡಿಮೆಯಾಗಬಹುದು. ಜುಮ್ಮೆನ್ನುವುದು, ಸುಸ್ತು, ಮರೆವು ಮೂರಕ್ಕೂ ಅದು ಕಾರಣ ಆಗಬಹುದು. "ವಯಸ್ಸು" ಅಂದುಕೊಂಡು ನಾವು ಹದಿನಾಲ್ಕು ತಿಂಗಳು ಇದನ್ನು ಹುಡುಕಲೇ ಇಲ್ಲ.

ನಿಮ್ಮ ಅಪ್ಪನಿಗೂ ಬಿ12, ಥೈರಾಯ್ಡ್ ಮತ್ತು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಾತು ನೆನಪಲ್ಲಿ ಹೇಗೆ ಉಳಿಯುತ್ತೆ? ನಿದ್ದೆ ಮಾತ್ರೆ ಇದ್ದರೆ ಅದರ ಪಟ್ಟಿಯನ್ನೂ ಒಯ್ಯಿರಿ. ಕನ್ನಡಕ ಹುಡುಕುವುದು, ಹೆಸರು ಆಮೇಲೆ ನೆನಪಾಗುವುದು ಅಂಥ ಗಾಬರಿಯ ವಿಷಯವಲ್ಲ. ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿದರೆ, ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆಮತ್ತೆ ಬಂದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಅದು ಕಾಯಿಲೆ ಇರಬಹುದು, ಧೈರ್ಯ ಹೇಳಿದರೆ ಹೋಗುವಂಥದ್ದಲ್ಲ. ಬ್ಯಾಂಕಿಗೆ ಬೇಕಾದರೆ ಜೊತೆಗೆ ಹೋಗಿ. ಆದರೆ ಕೌಂಟರಿನಲ್ಲಿ ಮಾತಾಡುವುದು ಅವರೇ ಆಗಲಿ.

ಅಮ್ಮನಿಗೆ ಬಿ12 ಇಂಜೆಕ್ಷನ್ ಶುರುವಾದ ವಾರವೇ ಡೈರಿ ವಾಪಸ್ ಕೊಟ್ಟೆ. ಅಮ್ಮ ಒಂದು ತಿಂಗಳು ಮುಟ್ಟಲಿಲ್ಲ. ಈಗ ಬರೆಯುತ್ತಾರೆ. ಹೆಸರುಗಳು ಇನ್ನೂ ತಪ್ಪುತ್ತವೆ, ಕೆಲವು ಪುಟ ಖಾಲಿ. ಆ ಹದಿನಾಲ್ಕು ತಿಂಗಳ ಪುಟಗಳನ್ನು ಬಿಟ್ಟು, ಹೊಸ ಹಾಳೆಯಿಂದ ಶುರು ಮಾಡಿದ್ದಾರೆ.