ಖಾಲಿ ಬಿಟ್ಟ ನಾಲ್ಕು ದಿನ

ಮನಸ್ಸು ಸರಿಯಿಲ್ಲ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದವರಿಗೆ ದಿನದಿನದ ಮೂಡ್, ನಿದ್ದೆ ಬರೆದಿಡುವ ವಾರದ ಚಾರ್ಟ್ ಕೊಟ್ಟು ಕಳಿಸಿದರೆ ಹೆಚ್ಚಿನವರು ಕೆಟ್ಟ ದಿನಗಳನ್ನಷ್ಟೇ ತುಂಬಿ ತರುತ್ತಾರೆ. ಮತ್ತೆ ಮತ್ತೆ ಹೀಗೇ ಆಗುವುದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆಯಿದೆ, ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಮೂವತ್ತರ ಆಸುಪಾಸಿನವರು. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಅಣ್ಣನ ಜೊತೆ ಸೇರಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದಾರೆ. ತಿಂಗಳಲ್ಲಿ ಕೆಲವು ದಿನ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ, ಫೋನ್ ಎತ್ತುವುದಿಲ್ಲ, ಅಂಗಡಿಯ ಷಟರ್ ತೆರೆಯುವುದೂ ಬೇಡ ಅನ್ನಿಸುತ್ತದೆ. ಕಾರಣ ಅವರಿಗೆ ಖಚಿತವಾಗಿತ್ತು: ಅಣ್ಣ. ಪ್ರತಿ ಸಲವೂ ದುಡ್ಡಿನ ವಿಷಯಕ್ಕೆ ಅಣ್ಣ ಬೈಯುತ್ತಾನೆ, ಅಲ್ಲಿಂದ ಮನಸ್ಸು ಕುಸಿಯುತ್ತದೆ. ಊರಿನ ವೈದ್ಯರೊಬ್ಬರು ಖಿನ್ನತೆಯ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ಇನ್ನೂ ಶುರು ಮಾಡಿರಲಿಲ್ಲ. ಜೇಬಿನಲ್ಲೇ ಚೀಟಿ ಇತ್ತು.

ನಾನು ಕೊಡುವ ಚಾರ್ಟ್‌ಗೆ ಒಂದು ಹಾಳೆ ಸಾಕು. ಮೇಲೆ ಸೋಮವಾರದಿಂದ ಭಾನುವಾರದವರೆಗೆ ಏಳು ಮನೆ, ಪಕ್ಕದಲ್ಲಿ ನಾಲ್ಕು ಸಾಲು. ಮೊದಲ ಸಾಲು ಮೂಡ್: ತೀರಾ ಕುಗ್ಗಿದ್ದರೆ -3, ಮಾಮೂಲಾಗಿದ್ದರೆ 0, ಎಂದಿಗಿಂತ ತುಂಬಾ ಏರಿದ್ದರೆ +3. ಎರಡನೆಯದು ಹಿಂದಿನ ರಾತ್ರಿ ನಿಜವಾಗಿ ನಿದ್ದೆ ಮಾಡಿದ ಗಂಟೆಗಳು. ಇದನ್ನು ಬೆಳಿಗ್ಗೆಯೇ ಬರೆಯಬೇಕು. ಮೂರನೆಯದು ಮೈಯಲ್ಲಿನ ಶಕ್ತಿ, 1ರಿಂದ 5. ಕೊನೆಯದು ಆ ದಿನ ಏನಾಯಿತು ಎಂದು ಮೂರ್ನಾಲ್ಕು ಪದ. ರಾತ್ರಿ ಊಟ ಆದಮೇಲೆ ಒಂದು ನಿಮಿಷದ ಕೆಲಸ. ‘ಯಾಕೆ’ ಎಂದು ಬರೆಯಲು ಸಾಲು ಇಟ್ಟಿಲ್ಲ, ಬೇಕೆಂದೇ ಇಟ್ಟಿಲ್ಲ. ಕಾರಣ ಬರೆಯಲು ಕೂತವರು ತಮಗೆ ಮೊದಲೇ ಗೊತ್ತಿರುವ ಕಾರಣವನ್ನೇ ಪ್ರತಿದಿನ ಬರೆಯುತ್ತಾರೆ.

ಮೂಡ್ ಮತ್ತು ಶಕ್ತಿಯನ್ನು ಒಂದೇ ಸಾಲಿನಲ್ಲಿ ಸೇರಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಬೇಡ. ಮನಸ್ಸು ಕುಗ್ಗಿದ್ದರೂ ಮೈ ಚಡಪಡಿಸುವ ದಿನಗಳಿರುತ್ತವೆ. ಬೇಸರವೇನೂ ಇಲ್ಲದೆ ಮೈ ಮಾತ್ರ ಸೋತಿರುವ ದಿನಗಳೂ ಇರುತ್ತವೆ. ಅವು ಥೈರಾಯ್ಡ್ ಅಥವಾ ರಕ್ತಹೀನತೆಯ ಪರೀಕ್ಷೆ ಮಾಡಿಸಬೇಕಾದ ದಿನಗಳೂ ಆಗಿರಬಹುದು. ಸೇರಿಸಿಬಿಟ್ಟರೆ ಈ ವ್ಯತ್ಯಾಸ ಕಾಣುವುದಿಲ್ಲ.

ಗಣೇಶನ ಹಬ್ಬ ಹತ್ತಿರವಾದಾಗ ಅವರು ಮೂರನೇ ವಾರದ ಹಾಳೆ ತಂದರು. ಸೋಮವಾರ 0, ಮಂಗಳವಾರ 0. ಭಾನುವಾರ ಮೂಡ್ -2, ನಿದ್ದೆ 9 ಗಂಟೆ, ಶಕ್ತಿ 1, ‘ಅಣ್ಣನ ಜೊತೆ ಜಗಳ’. ಬುಧವಾರದಿಂದ ಶನಿವಾರದವರೆಗೆ ಏನೂ ಇಲ್ಲ.

“ಈ ನಾಲ್ಕು ದಿನ ಮರೆತುಬಿಟ್ರಾ?” ಎಂದೆ.

“ಮರೆತಿಲ್ಲ ಮೇಡಂ. ಆ ದಿನ ನಾನು ಚೆನ್ನಾಗೇ ಇದ್ದೆ. ಚೆನ್ನಾಗಿದ್ದಾಗ ಬರೆಯೋಕೆ ಏನಿರುತ್ತೆ?”

ಆ ದಿನದ ಉಳಿದ ಸಮಯವನ್ನೆಲ್ಲ ಆ ನಾಲ್ಕು ಮನೆಗಳಿಗೇ ಕೊಟ್ಟೆವು. ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕುಗ್ಗಿ ಕೂತವರಿಗೆ ಹಿಂದಿನ ವಾರವೆಲ್ಲ ಕುಗ್ಗಿದ ಹಾಗೇ ಕಾಣುತ್ತದೆ, ಅಥವಾ ಒಳ್ಳೆಯ ದಿನ ಸುಮ್ಮನೆ ಕಳೆದುಹೋದ ಹಾಗೆ. ಹಾಗಾಗಿ ಅವರ ವಾಟ್ಸ್ಯಾಪ್ ತೆಗೆಸಿದೆ. ಮಂಗಳವಾರ ರಾತ್ರಿ ಒಂದು ದೊಡ್ಡ ಆರ್ಡರ್‌ಗೆಂದು ಬೆಳಗಿನ ಜಾವದವರೆಗೂ ಮೆಷಿನ್ ಓಡಿಸಿದ್ದರು. ಬುಧವಾರ ರಾತ್ರಿ ಎರಡೂವರೆಗೆ ಗಿರಾಕಿಗೆ ಡಿಸೈನ್ ಹೋಗಿತ್ತು. ಗುರುವಾರ ಮೂರು ಗಂಟೆಗೆ, ಶುಕ್ರವಾರವೂ ಹಾಗೇ. ಅವರ ಎದುರೇ ಹೆಂಡತಿಗೆ ಫೋನ್ ಮಾಡಿಸಿದೆ. “ಮೂರು ತಾಸು ಮಲಗಿದ್ರೆ ಹೆಚ್ಚು. ಎದ್ದ ಮೇಲೂ ಸುಸ್ತು ಅಂತ ಒಂದು ಮಾತಿಲ್ಲ. ಮಾತು ಮಾತ್ರ ನಿಲ್ಲೋದೇ ಇಲ್ಲ,” ಎಂದರು ಆಕೆ. ಜಾತ್ರೆಯ ಸೀಸನ್‌ನಲ್ಲೂ ಹೀಗೇ ಆಗಿತ್ತಂತೆ.

ಮನೆಗಳು ತುಂಬಿದವು: ನಿದ್ದೆ ಮೂರು-ನಾಲ್ಕು ಗಂಟೆ, ಶಕ್ತಿ ನಾಲ್ಕೂ ದಿನ 5, ಮೂಡ್ +2, +3. ‘ಏನಾಯಿತು’ ಸಾಲಿಗೆ ಬಂದಾಗ ಅವರು ಸ್ವಲ್ಪ ತಡೆದು ಹೇಳಿದರು: ಶುಕ್ರವಾರ ಯಾರನ್ನೂ ಕೇಳದೆ ಎರಡನೇ ಮೆಷಿನ್‌ಗೆ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. ಭಾನುವಾರದ ಜಗಳ ಅದಕ್ಕೇ.

ಅಂದರೆ ಜಗಳದಿಂದ ಕುಸಿತ ಶುರುವಾಗಿದ್ದಲ್ಲ. ರಾತ್ರಿ ಕೆಲಸದಿಂದ ನಿದ್ದೆ ಕೆಟ್ಟಿತು, ಮೂಡ್ ಏರಿತು, ಏರಿದಾಗ ದುಡ್ಡು ಹೋಯಿತು, ಜಗಳ ಬಂತು, ಆಗಲೇ ಇಳಿತವೂ ಶುರುವಾಗಿತ್ತು. ತುಂಬಿದ ದಿನಗಳನ್ನಷ್ಟೇ ನೋಡಿದರೆ ಕಾಣುವುದು ಒಬ್ಬ ಬೈಯುವ ಅಣ್ಣ ಮತ್ತು ಒಬ್ಬ ಖಿನ್ನನಾದ ತಮ್ಮ.

ನಿದ್ದೆ ಬರುತ್ತಿಲ್ಲ ಎನ್ನುವುದಕ್ಕೂ ನಿದ್ದೆ ಬೇಕೇ ಆಗುತ್ತಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮರುದಿನ ಶಕ್ತಿಯ ಸಾಲು 1 ಅಥವಾ 2ಕ್ಕೆ ಇಳಿಯುತ್ತದೆ, ಕಣ್ಣು ಉರಿಯುತ್ತದೆ, ಸಿಡಿಮಿಡಿ ಇರುತ್ತದೆ. ಎರಡನೆಯದರಲ್ಲಿ ನಿದ್ದೆ ಇಳಿದರೂ ಶಕ್ತಿ ಏರುತ್ತದೆ. ಕಡಿಮೆ ನಿದ್ದೆ, ಹೆಚ್ಚು ಶಕ್ತಿ, ಹೆಚ್ಚು ಮಾತು, ಕೈಮೀರಿದ ಖರ್ಚು ಸತತವಾಗಿ ಕನಿಷ್ಠ 4 ದಿನ ಇದ್ದರೆ ಮನೋವೈದ್ಯರು ಹೈಪೊಮೇನಿಯಾ, ಅಂದರೆ ಮೂಡ್ ಅಸಹಜವಾಗಿ ಏರಿರುವ ಸ್ಥಿತಿ, ಇರಬಹುದೇ ಎಂದು ವಿಚಾರಿಸುತ್ತಾರೆ. ಜೊತೆಗೆ ಖಿನ್ನತೆಯ ಅವಧಿಗಳೂ ಬರುತ್ತಿದ್ದರೆ ಮೂಡ್ ಹೀಗೆ ಏರುತ್ತಾ ಇಳಿಯುತ್ತಾ ಇರುವ ಬೈಪೋಲಾರ್ ಕಾಯಿಲೆಯ ಸಾಧ್ಯತೆಯನ್ನು ನೋಡಬೇಕಾಗುತ್ತದೆ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಮೂಡ್ ಇನ್ನೂ ಮೇಲಕ್ಕೆ ಹಾರುತ್ತದೆ. ಜೇಬಿನ ಚೀಟಿ ನನ್ನನ್ನು ಕಾಡಿದ್ದು ಅದಕ್ಕೆ.

ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಒಂದು ಹಾಳೆಯಿಂದ ಅದನ್ನು ಹೇಳಲೂಬಾರದು, ಆಪ್ತಸಲಹೆಗಾರರು ಹೇಳುವ ಮಾತೂ ಅದಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಅದೇ ವಾರ ಹೋಗಿ, ಮೂರೂ ಹಾಳೆ ಮತ್ತು ಆ ಚೀಟಿಯನ್ನು ತೋರಿಸಿ, ಹೆಂಡತಿಯನ್ನು ಕರೆದುಕೊಂಡು ಹೋಗಿ ಎಂದೆ. ಮನೋವೈದ್ಯರನ್ನು ಕಾಣುವವರೆಗೆ ಮಾತ್ರೆ ಶುರು ಮಾಡಬೇಡಿ ಎಂದೂ ಹೇಳಿದೆ. (ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿ ನಿಲ್ಲಿಸಬೇಡಿ, ಹಠಾತ್ತಾಗಿ ನಿಲ್ಲಿಸಿದರೆ ಬೇರೆ ತೊಂದರೆ.) ಸತತ ಎರಡು ರಾತ್ರಿ ಮೆಷಿನ್ ಮುಂದೆ ಕೂರಬಾರದು, ಹತ್ತು ಸಾವಿರಕ್ಕಿಂತ ಹೆಚ್ಚಿನ ಅಡ್ವಾನ್ಸ್‌ಗೆ ಅಣ್ಣನ ಒಪ್ಪಿಗೆ ಬೇಕು ಎಂಬ ಎರಡು ಕಟ್ಟುಪಾಡುಗಳನ್ನು ಅವರೇ ಹಾಕಿಕೊಂಡರು.

ಚಾರ್ಟ್ ಇಟ್ಟರೆ ಜನ ತಮ್ಮನ್ನೇ ನೋಡಿಕೊಳ್ಳುತ್ತಾ ಇನ್ನಷ್ಟು ಕೊರಗುತ್ತಾರೆ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಕೆಲವರ ವಿಷಯದಲ್ಲಿ ಅದು ನಿಜ. ದಿನಕ್ಕೆ ಹತ್ತು ಸಲ ಅಂಕಿ ತಿದ್ದುವವರಿಂದ, ‘ಇವತ್ತು -1 ಬಂತಲ್ಲ’ ಎಂದು ಹೆದರುವವರಿಂದ ನಾನೇ ಹಾಳೆ ವಾಪಸ್ ತೆಗೆದುಕೊಂಡಿದ್ದೇನೆ. ಆದರೆ ಅದಕ್ಕೆಂದು ಎಲ್ಲರಿಗೂ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ದಿನಕ್ಕೊಮ್ಮೆ, ನಿಗದಿತ ಹೊತ್ತಿನಲ್ಲಿ, ವಾಕ್ಯಗಳಿಲ್ಲದೆ ಬರೆದರೆ ಕೊರಗಲು ಜಾಗವೇ ಕಡಿಮೆ. ಮುಟ್ಟಾಗುವ ಹೆಣ್ಣುಮಕ್ಕಳು ದಿನಾಂಕದ ಪಕ್ಕ ಒಂದು ಚುಕ್ಕೆ ಇಡಬೇಕು, ಕುಡಿಯುವವರು ಕುಡಿದ ದಿನಕ್ಕೆ ಇನ್ನೊಂದು ಗುರುತು. ಇವೆರಡನ್ನು ಬಿಟ್ಟರೆ ಇಡೀ ಚಾರ್ಟ್ ದಾರಿ ತಪ್ಪಿಸಬಹುದು. ಒಂದೇ ವಾರ ನೋಡಿ ತೀರ್ಮಾನಕ್ಕೆ ಬರಬಾರದು. ಒಂದೇ ಕ್ರಮ ಎರಡು ಮೂರು ಸಲ ಮರುಕಳಿಸಿದರೆ ಮಾತ್ರ ಅದಕ್ಕೆ ಬೆಲೆ.

ಎರಡು ವಿಷಯಕ್ಕೆ ಮಾತ್ರ ಹಾಳೆ ತುಂಬುವವರೆಗೆ ಕಾಯಬೇಡಿ. ಒಂದು, ಎರಡು ಮೂರು ರಾತ್ರಿ ನಿದ್ದೆಯಿಲ್ಲದೆಯೂ ಸುಸ್ತೇ ಆಗದಿರುವುದು. ಇನ್ನೊಂದು, ಬದುಕು ಬೇಡ ಎನ್ನುವ ಯೋಚನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.